ಎರಡು ಘನ ಮೀಟರ್ ಎಲ್ಲಿ ಹೋಯಿತು?

ಮನೆಯ ಮೋಲ್ಡ್ ಹಾಕಿದ ಮರುವಾರ ರೆಡಿಮಿಕ್ಸ್ ಬಿಲ್ ಬರುತ್ತದೆ. ಅದರ ಹಿಂದೆಯೇ ತಕರಾರೂ ಶುರುವಾಗುತ್ತದೆ. ನಕ್ಷೆಯ ಪ್ರಕಾರ 22 ಘನ ಮೀಟರ್ ಸಾಕಿತ್ತು, ನೀವು 24ಕ್ಕೆ ಬಿಲ್ ಮಾಡಿದ್ದೀರಿ ಎಂದು ಮಾಲೀಕರು ಕೇಳುತ್ತಾರೆ. ಇಂಥ ಪತ್ರಕ್ಕೆ ‘ಬಿಲ್ ಸರಿಯಾಗಿದೆ, ಬಾಕಿ ಕಟ್ಟಿ’ ಎಂದು ಎರಡು ಸಾಲು ಗೀಚಿ ಕಳಿಸುವ ಪ್ಲಾಂಟುಗಳೇ ಹೆಚ್ಚು. ‘ಆಗುವುದಿಲ್ಲ’ ಎಂಬ ಅದೇ ಮಾತನ್ನು ಗಿರಾಕಿ ಕೈ ಬಿಡದಂತೆ ಹೇಳುವುದು ಹೇಗೆಂದು ಒಂದು ಕಲ್ಪಿತ ಬಿಲ್ಲಿನಲ್ಲಿ ನೋಡೋಣ.

ಮನೆ 1,500 ಚದರಡಿಯದು. ಘನ ಮೀಟರಿಗೆ 5,000 ರೂಪಾಯಿ ದರದಲ್ಲಿ 24ಕ್ಕೆ 1,20,000, ಪಂಪಿಗೆ 10,500, ಲಾರಿ ಕಾಯಿಸಿದ್ದಕ್ಕೆ 1,500. ಶೇ 18 ಜಿಎಸ್‌ಟಿ ಸೇರಿ ಒಟ್ಟು 1,55,760 ರೂಪಾಯಿ. ಮಾಲೀಕರು 22ಕ್ಕೆ ಲೆಕ್ಕ ಹಾಕಿ, ಪಂಪಿಗೆ 7,700 ಹಿಡಿದು, ಕಾಯಿಸಿದ ದುಡ್ಡನ್ನು ಕೈಬಿಟ್ಟು 1,38,886 ಕಟ್ಟಿದ್ದಾರೆ. ಉಳಿದ 16,874 ರೂಪಾಯಿಯದೇ ಜಗಳ.

ಉತ್ತರದ ಮೊದಲ ವಾಕ್ಯ ಹೀಗಿದ್ದರೆ ಅರ್ಧ ಕೆಲಸ ಆದಂತೆ: ‘ನಿಮ್ಮ ಎಂಜಿನಿಯರ್ ಹಾಕಿದ 22ರ ಲೆಕ್ಕವನ್ನು ನೋಡಿದೆವು, ನಕ್ಷೆಯ ಅಳತೆಗೆ ಅದು ಸರಿಯಾಗಿಯೇ ಇದೆ. ನಮ್ಮ ಬಿಲ್ ಇರುವುದು ಲಾರಿಯಿಂದ ಇಳಿದ ಕಾಂಕ್ರೀಟಿಗೆ.’ ಗಿರಾಕಿ ಸುಳ್ಳು ಹೇಳುತ್ತಿದ್ದಾರೆ ಎಂಬ ಧ್ವನಿ ಇಲ್ಲಿಲ್ಲ. ನಕ್ಷೆ ಒಂದು ಲೆಕ್ಕ, ಲಾರಿ ಇನ್ನೊಂದು ಲೆಕ್ಕ, ಅಷ್ಟೆ.

ಇನ್ನು ಪುರಾವೆ. ಕಾಂಕ್ರೀಟನ್ನು ಘನ ಮೀಟರಿನಲ್ಲಿ ಮಾರಿದರೂ ಅದನ್ನು ನಂಬಿಕೆಯಿಂದ ಅಳೆಯುವುದು ತೂಕದಲ್ಲಿ. ಒಂದು ಘನ ಮೀಟರ್ ಹಸಿ ಕಾಂಕ್ರೀಟ್ ಸುಮಾರು 2,400 ಕಿಲೋ ತೂಗುತ್ತದೆ. ಮೊದಲ ಲಾರಿ ತುಂಬಿದಾಗ 26,150 ಕಿಲೋ, ಹಿಂದಿರುಗಿದಾಗ 11,700 ಎಂದಿಟ್ಟುಕೊಳ್ಳಿ. ವ್ಯತ್ಯಾಸ 14,450, ಭಾಗಿಸಿದರೆ 6 ಘನ ಮೀಟರಿಗೆ ಕೂದಲೆಳೆ ಹೆಚ್ಚು. ನಾಲ್ಕೂ ಲಾರಿಗಳ ತೂಕದ ಚೀಟಿ, ಆಯಾ ಲೋಡಿನ ಬ್ಯಾಚ್ ವರದಿ, ಸೈಟಿನಲ್ಲಿ ಸಹಿಯಾದ ಚಲನ್, ಮೂರನ್ನೂ ಲೋಡಿನ ಸಂಖ್ಯೆಯಡಿ ಜೋಡಿಸಿ ಕಳಿಸಬೇಕು. ಖಾಲಿ ತೂಕ ಅದೇ ದಿನದ್ದಾಗಿರಬೇಕು. ಡ್ರಮ್ಮಿನೊಳಗೆ ಗಟ್ಟಿಯಾಗಿ ಕೂತ ಹಳೆಯ ಕಾಂಕ್ರೀಟೂ ಡೀಸೆಲ್ಲೂ ಲಾರಿಯ ತೂಕವನ್ನು ಬದಲಿಸುತ್ತವೆ. ಹಾಗಾಗಿ ಆರ್‌ಸಿ ಪುಸ್ತಕದ ಖಾಲಿ ತೂಕ ಹಿಡಿದರೆ ವಾದ ಅಲ್ಲೇ ಕುಸಿಯುತ್ತದೆ. ಚೀಟಿ ಪ್ಲಾಂಟಿನದೇ ವೇಬ್ರಿಡ್ಜಿನದಾದರೆ ಗಿರಾಕಿಗೆ ಅನುಮಾನ ಸಹಜ. ಮುಂದಿನ ಮೋಲ್ಡಿಗೆ ಹೊರಗಿನ ವೇಬ್ರಿಡ್ಜಿನಲ್ಲಿ ತೂಗಿಸಬಹುದು ಎಂದು ತಾವಾಗಿಯೇ ಬರೆಯುವುದು ಒಳ್ಳೆಯದು.

ಹಾಗಾದರೆ ಆ ಎರಡು ಘನ ಮೀಟರ್ ಎಲ್ಲಿ ಹೋಯಿತು? ಇಲ್ಲಿ ಪ್ಲಾಂಟಿನವರು ಎಚ್ಚರದಿಂದಿರಬೇಕು. ಅವರ ಬಳಿ ಇರುವ ಪುರಾವೆ ಲಾರಿಯಿಂದ ಇಳಿಯುವತನಕದ್ದು ಮಾತ್ರ. ಮುಂದಿನದನ್ನು ‘ಹೀಗಾಗಿರಬಹುದು’ ಎಂದೇ ಬರೆಯಬೇಕು. 1,500 ಚದರಡಿ ಎಂದರೆ 139 ಚದರ ಮೀಟರ್. ಸೆಂಟ್ರಿಂಗ್ ಹಲಗೆ ನಡುವೆ ಜಗ್ಗಿಯೋ, ಮೇಲೆ ಮಟ್ಟ ತಪ್ಪಿಯೋ 125 ಮಿಲಿಮೀಟರಿನ ಸ್ಲ್ಯಾಬ್ ಸರಾಸರಿ 137 ಆದರೆ 1.67 ಘನ ಮೀಟರ್ ಅಲ್ಲಿಗೇ ಮುಗಿಯಿತು. 125 ಮಿಲಿಮೀಟರ್ ವ್ಯಾಸದ 30 ಮೀಟರ್ ಪಂಪ್ ಕೊಳವೆಯಲ್ಲಿ ಹಿಡಿಯುವುದು ಇನ್ನೊಂದು 0.37, ಕೊನೆಯಲ್ಲಿ ಅದನ್ನು ಸ್ಲ್ಯಾಬಿಗೆ ತಳ್ಳದೆ ಹೊರಗೆ ಸುರಿದಿದ್ದರೆ ಅದೂ ನಷ್ಟವೇ. ಗಿರಾಕಿ ಸ್ಲ್ಯಾಬಿನ ಅಂಚನ್ನಷ್ಟೇ ಟೇಪಿನಲ್ಲಿ ಅಳೆದರೆ ಇದು ಗೊತ್ತಾಗದು, ಜಗ್ಗುವುದು ಗೋಡೆಯ ಪಕ್ಕದಲ್ಲಲ್ಲ. ಬಾತ್‌ರೂಮಿನ ಪೈಪಿಗೆ ಬಿಟ್ಟ ತೂತುಗಳಲ್ಲಿ ದಪ್ಪ ಅಳೆಯಬೇಕು. ಸೆಂಟ್ರಿಂಗ್ ಬಿಚ್ಚಿದ ಮೇಲೆ ಕೆಳಗಿನಿಂದ ಗೋಡೆಯಿಂದ ಗೋಡೆಗೆ ದಾರ ಕಟ್ಟಿ ನೋಡಬೇಕು. ‘ನಿಮಗೆ ಅನುಕೂಲವಾದ ದಿನ ನಮ್ಮವರು ಬಂದು ಜೊತೆಗೇ ಅಳೆಯುತ್ತಾರೆ’ ಎಂಬ ಸಾಲು ಪತ್ರದಲ್ಲಿರಲಿ.

ಪಂಪಿನದು ಸುಲಭ. ದರಪಟ್ಟಿಯಲ್ಲಿ ಘನ ಮೀಟರಿಗೆ 350, ಕನಿಷ್ಠ 30 ಘನ ಮೀಟರಿನ ಬಾಡಿಗೆ ಎಂದಿದೆ. ಪಂಪ್ ತಂದು ಕೊಳವೆ ಜೋಡಿಸುವ ಶ್ರಮ 22ಕ್ಕೂ 30ಕ್ಕೂ ಒಂದೇ. ಗಿರಾಕಿ ಒಪ್ಪಿ ಕಳಿಸಿದ ದರಪಟ್ಟಿಯ ಆ ಸಾಲಿಗೆ ಗುರುತು ಹಾಕಿ ಲಗತ್ತಿಸಿದರೆ ಆಯಿತು. ಪಂಪ್ ಬಾಡಿಗೆಗೂ ಕಾಯಿಸಿದ್ದಕ್ಕೂ ಜಿಎಸ್‌ಟಿ ಏಕೆಂದರೆ, ಸರಕಿನ ಜೊತೆಗೆ ಮಾರುವವರು ವಸೂಲಿ ಮಾಡುವ ಇಂಥ ಖರ್ಚು ಕಾಯ್ದೆಯ 15ನೇ ಸೆಕ್ಷನ್ ಪ್ರಕಾರ ಮಾರಾಟದ ಮೌಲ್ಯಕ್ಕೇ ಸೇರುತ್ತದೆ.

ಕಾಯಿಸಿದ ದುಡ್ಡು ಮೊತ್ತದಲ್ಲಿ ಚಿಕ್ಕದು, ಸಿಟ್ಟಿನಲ್ಲಿ ದೊಡ್ಡದು. ಮೂರನೇ ಲಾರಿ 11.10ಕ್ಕೆ ಬಂತು, 1.25ಕ್ಕೆ ಹೊರಟಿತು. 45 ನಿಮಿಷ ಉಚಿತ, ಉಳಿದ ಒಂದೂವರೆ ಗಂಟೆಗೆ ಗಂಟೆಗೆ 1,000ದಂತೆ 1,500 ರೂಪಾಯಿ. ಚಲನ್ನಿನ ಸಮಯವೂ ಜಿಪಿಎಸ್ ದಾಖಲೆಯೂ ಹೊಂದಿದರೆ ಸಾಲದು, ಕಾಯಿಸಿದವರು ಯಾರೆಂಬುದೂ ಮುಖ್ಯ. ಕರೆಂಟಿನ ಪೈಪ್ ಹಾಸುವುದು ಬಾಕಿಯಿತ್ತು ಎಂದು ಮೇಸ್ತ್ರಿಯೇ ಚಲನ್ನಿನಲ್ಲಿ ಬರೆದು ಸಹಿ ಹಾಕಿದ್ದರೆ ಶುಲ್ಕ ನಿಲ್ಲುತ್ತದೆ. ಪಂಪ್ ಕಟ್ಟಿಕೊಂಡು ತಡವಾಗಿದ್ದರೆ ತಪ್ಪು ಪ್ಲಾಂಟಿನದು, ಆ 1,500ಕ್ಕೂ ಅದರ ಜಿಎಸ್‌ಟಿಗೂ ಕ್ರೆಡಿಟ್ ನೋಟ್ ಕೊಡಬೇಕು. ಈ ಬಿಲ್ಲಿನಲ್ಲಿ ಮೇಸ್ತ್ರಿಯ ಬರಹ ಇದೆ. ಹಾಗಾಗಿ ಕೊನೆಯ ಸಾಲು: ‘ಮೇಲಿನ ಕಾರಣಗಳಿಂದ 16,874 ರೂಪಾಯಿ ಕಡಿತವನ್ನು ಒಪ್ಪಲಾಗುತ್ತಿಲ್ಲ. ಯಾವುದೇ ಚೀಟಿಯ ಬಗ್ಗೆ ಸಂಶಯವಿದ್ದರೆ ಅದರ ಸಂಖ್ಯೆ ತಿಳಿಸಿ, ಮೂಲ ಪ್ರತಿ ತಂದು ತೋರಿಸುತ್ತೇವೆ.’