ಬೆದರುಬೊಂಬೆಯಿಂದ ದೇವರಗುಡ್ಡದವರೆಗೆ

ಬ್ಯಾಡಗಿ ಕಡೆಯ ಜೋಳದ ಹೊಲದಲ್ಲಿ ಹಕ್ಕಿಗಳಿಗೆಂದು ಬೆದರುಬೊಂಬೆ ನಿಲ್ಲಿಸಿದ ರೈತನೇ ಮುಸ್ಸಂಜೆ ಅದನ್ನು ಕಂಡು ಬೆಚ್ಚುವುದುಂಟು. ಹಳೆ ಅಂಗಿ ತೊಡಿಸಿದವನು ತಾನೇ ಎಂಬುದು ನೆನಪಾಗುವ ಮೊದಲೇ ಎದೆ ಝಲ್ಲೆಂದಿರುತ್ತದೆ.

ಧರ್ಮದ ಅರಿವಿನ ವಿಜ್ಞಾನದಲ್ಲಿ ಈ ಬೆಚ್ಚುವಿಕೆಗೆ ದೊಡ್ಡ ಸ್ಥಾನವಿದೆ. ಅಮೆರಿಕದ ಮಾನವಶಾಸ್ತ್ರಜ್ಞ ಸ್ಟುವರ್ಟ್ ಗುತ್ರಿ 1980ರಲ್ಲಿ ಒಂದು ವಾದ ಮುಂದಿಟ್ಟರು: ಗೊತ್ತಾಗದ ಸದ್ದು, ಆಕಾರ ಎದುರಾದಾಗ ಮನಸ್ಸು ಅದರ ಹಿಂದೆ ಯಾರೋ ಇದ್ದಾರೆ ಎಂದು ಊಹಿಸುತ್ತದೆ. ಹಾಗೆ ಊಹಿಸುವುದು ಲಾಭದ ಬಾಜಿ. ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯದಲ್ಲಿ ತೋಳಗಳೂ ಇವೆ. ಪೊದೆ ಅಲುಗಿದ್ದು ಗಾಳಿಗೆ, ಆದರೆ ಜಿಂಕೆ ತೋಳವೆಂದು ಓಡಿತು ಎನ್ನಿ. ಕಳೆದುಕೊಂಡದ್ದು ಒಂದಿಷ್ಟು ಉಸಿರು. ತೋಳವನ್ನು ಗಾಳಿ ಎಂದುಕೊಂಡರೆ ಹೋಗುವುದು ಜೀವ. ನಮ್ಮ ಪೂರ್ವಜರಿಗೂ ಇದೇ ಲೆಕ್ಕ. ಮನಶ್ಶಾಸ್ತ್ರಜ್ಞ ಜಸ್ಟಿನ್ ಬ್ಯಾರೆಟ್ 2000ದಲ್ಲಿ ಈ ಒಲವನ್ನು ಮನಸ್ಸಿನೊಳಗಿನ ‘ಏಜೆನ್ಸಿ ಡಿಟೆಕ್ಷನ್’ ಸಾಧನ ಎಂದು ಕರೆದು, ಕಾಣದ ದೇವರುಗಳ ಕಲ್ಪನೆ ಮನಸ್ಸಿಗೆ ಸುಲಭವಾಗಿ ಹತ್ತಲು ಇದೂ ಒಂದು ಕಾರಣ ಎಂದರು.

ಈ ವಾದವನ್ನು ಹಿಡಿದು ರಾಣೆಬೆನ್ನೂರು ತಾಲ್ಲೂಕಿನ ದೇವರಗುಡ್ಡಕ್ಕೆ ಹೋಗೋಣ. ನವರಾತ್ರಿಯಲ್ಲಿ ಮಾಲತೇಶನ ಕಾರಣಿಕ. ವ್ರತ ಹಿಡಿದ ಗೊರವಯ್ಯ ಎತ್ತರದ ಬಿಲ್ಲನ್ನೇರಿ ‘ಸದ್ದಲೇ’ ಎನ್ನುತ್ತಾನೆ. ಗುಡ್ಡವೇ ಮೌನವಾಗುತ್ತದೆ. ಒಂದೇ ಮಾತು ನುಡಿದು ಅವನು ಕೆಳಗೆ ಬೀಳುತ್ತಾನೆ, ಜನ ಹಿಡಿದುಕೊಳ್ಳುತ್ತಾರೆ.

ಇಲ್ಲಿ ಯಾರೂ ಪೊದೆಯ ಸದ್ದಿಗೆ ಬೆಚ್ಚಿ ದೇವರನ್ನು ಕಂಡುಕೊಂಡಿಲ್ಲ. ನುಡಿಯುವವನು ಯಾರು ಎಂಬುದು ಗುಡ್ಡ ಹತ್ತುವ ಮೊದಲೇ ಜನರಿಗೆ ಗೊತ್ತು. ಅತ್ತ ಹೊಲದ ಬೆದರುಬೊಂಬೆ ಎಷ್ಟು ಸಲ ಬೆಚ್ಚಿಸಿದರೂ ಅದಕ್ಕೆ ಯಾರೂ ಕಾಯಿ ಒಡೆಯುವುದಿಲ್ಲ. ಹತ್ತಿರ ಹೋದೊಡನೆ ಊಹೆ ಕರಗುತ್ತದೆ. ಸಿದ್ಧಾಂತದ ಮೇಲಿನ ಮುಖ್ಯ ಟೀಕೆ ಇದೇ, ನನಗದು ಸರಿಯೆನಿಸುತ್ತದೆ: ಕ್ಷಣದ ತಪ್ಪು ಗ್ರಹಿಕೆಯಿಂದ ತಲೆಮಾರುಗಟ್ಟಲೆ ಬಾಳುವ ನಂಬಿಕೆಗೆ ದಾರಿ ಯಾವುದು? ಪ್ರಯೋಗಗಳ ಬೆಂಬಲವೂ ತೆಳು. 2019ರಲ್ಲಿ ಪ್ರಕಟವಾದ ಡಚ್ ಸಂಶೋಧಕರ ಪ್ರಯೋಗಗಳಲ್ಲಿ ಭಯ ಹುಟ್ಟಿಸಿದರೂ ‘ಯಾರೋ ಇದ್ದಾರೆ’ ಎಂಬ ಗ್ರಹಿಕೆ ನಿರೀಕ್ಷಿಸಿದಂತೆ ಹೆಚ್ಚಲಿಲ್ಲ. ನಂಬಿದವರು ಕಲಿತ ಕಥೆಯ ಮೂಲಕವೇ ಸದ್ದನ್ನು ಕೇಳುತ್ತಾರೆ, ಅಂದರೆ ನಂಬಿಕೆ ಮೊದಲು, ಪತ್ತೆ ಆಮೇಲೆ ಎನ್ನುವವರು ಈಗ ಹೆಚ್ಚುತ್ತಿದ್ದಾರೆ.

ಮಾನವಶಾಸ್ತ್ರಜ್ಞ ಜೋಸೆಫ್ ಹೆನ್ರಿಕ್ 2009ರಲ್ಲಿ ಇನ್ನೊಂದು ದಾರಿ ತೋರಿಸಿದರು. ಬಾಯಿಮಾತಿಗಿಂತ, ಕಷ್ಟಪಟ್ಟು ನಡೆದು ತೋರಿಸಿದ ನಂಬಿಕೆ ನೋಡುವವರಿಗೆ ಅಂಟುತ್ತದೆ ಎಂಬುದು ಅವರ ವಾದ. ಉಪವಾಸ, ಬಿಲ್ಲು, ಆ ಬೀಳುವಿಕೆ, ಅಪ್ಪನ ಹೆಗಲ ಮೇಲೆ ಕೂತು ನೋಡುವ ಮಗು: ಕಾರಣಿಕಕ್ಕೆ ಈ ವಿವರಣೆ ಹೆಚ್ಚು ಒಪ್ಪುತ್ತದೆ.

ಆದರೂ ನುಡಿದ ಮಾತಿನ ಅರ್ಥ ಉಳಿದೇ ಇದೆ. ಅದನ್ನು ರೈತ ಮಳೆ–ಬೆಳೆಗೆ ಹಚ್ಚುತ್ತಾನೆ, ರಾಜಕಾರಣಿ ಕುರ್ಚಿಗೆ. ಯಾವ ಅರ್ಥ ನಿಲ್ಲುತ್ತದೆ, ಯಾರ ಬಾಯಲ್ಲಿ ನಿಲ್ಲುತ್ತದೆ ಎಂಬುದನ್ನು ತಿಳಿಯಲು ಗುಡ್ಡ ಇಳಿಯುವವರ ಜೊತೆ ನಡೆಯುತ್ತ, ಅವರು ಹಾವೇರಿ ಬಸ್ಸಿಗೆ ಕಾಯುವಾಗ ಆಡುವ ಮಾತನ್ನು ಬರೆದುಕೊಳ್ಳಬೇಕಾಗುತ್ತದೆ.