ಹಾಸ್ಟೆಲ್ ಕೋಣೆಯಲ್ಲಿ ಒಂದು ತಟ್ಟೆಯ ಪೂಜೆ

ಮೂವರಿಗೆ ಒಂದು ಕೋಣೆ, ತಲೆಗೊಂದು ಮಂಚ, ಪುಸ್ತಕ ತುಂಬಿದ ಮೇಜು. ದೇವರ ಪಟ ತೂಗುಹಾಕಲು ಗೋಡೆಗೆ ಮೊಳೆ ಹೊಡೆಯುವಂತಿಲ್ಲ, ಬೆಂಕಿ ಹಚ್ಚಲು ವಾರ್ಡನ್ ಬಿಡುವುದಿಲ್ಲ. ಚೌತಿಗೋ ನವರಾತ್ರಿಗೋ ಊರಿಗೆ ಹೋಗಲಾಗದ ವಿದ್ಯಾರ್ಥಿ ಇಲ್ಲಿ ಪೂಜೆ ಮಾಡುವುದು ಹೇಗೆ?

ದಾರಿ ನಮ್ಮ ಪೂಜಾಪದ್ಧತಿಯೊಳಗೇ ಇದೆ. ಹಬ್ಬ, ವ್ರತಗಳ ಪೂಜೆ ಆವಾಹನೆಯಿಂದ ಶುರುವಾಗಿ ಉದ್ವಾಸನೆಯಲ್ಲಿ ಮುಗಿಯುತ್ತದೆ. ಆವಾಹನೆ ಎಂದರೆ ಒಂದು ವಸ್ತುವಿನಲ್ಲಿ ಬಂದು ನೆಲೆಸು ಎಂದು ದೇವರನ್ನು ಕರೆಯುವುದು. ಉದ್ವಾಸನೆ ಎಂದರೆ ಪೂಜೆಯ ಕೊನೆಗೆ ಕಳಿಸಿಕೊಡುವುದು. ಉದ್ವಾಸನೆಯಾದ ಮೇಲೆ ಆ ವಸ್ತುವಿಗೆ ನಿತ್ಯಪೂಜೆಯ ಹೊಣೆ ಇಲ್ಲ. ಅಂದರೆ ದೇವರಿಗೆ ಬೇಕಾದದ್ದು ಪೂಜೆ ನಡೆಯುವಷ್ಟು ಹೊತ್ತಿನ ಜಾಗ ಮಾತ್ರ, ಒಂದು ಊಟದ ತಟ್ಟೆಯಷ್ಟು.

ನಮ್ಮ ಹಳ್ಳಿಗಳಲ್ಲಿ ಇದು ಹೊಸದೇನಲ್ಲ. ಸಗಣಿಯ ಉಂಡೆ ಮಾಡಿ, ನೆತ್ತಿಗೆ ಗರಿಕೆ ಸಿಕ್ಕಿಸಿ, ಬೆನಕನೆಂದು ಪೂಜಿಸುವ ರೂಢಿ ಇಂದಿಗೂ ಇದೆ. ಮದುವೆ ಮನೆಯಲ್ಲಿ ಪುರೋಹಿತರು ಮೊದಲು ಪೂಜಿಸುವ ಅರಿಶಿನದ ಗಣಪನೂ ಹೀಗೆಯೇ: ಆಗಲೇ ಮಾಡಿ, ಪೂಜಿಸಿ, ಆಮೇಲೆ ನೀರಿಗೆ ಬಿಡುವಂಥದ್ದು. ಇಷ್ಟಲಿಂಗ ಧರಿಸಿದವರಿಗಂತೂ ಅಂಗೈಯೇ ಪೂಜೆಯ ಪೀಠ. ಹಾಸ್ಟೆಲಿಗೆ ಅರಿಶಿನದ ಗಣಪ ತುಂಬ ಚೆನ್ನಾಗಿ ಹೊಂದುತ್ತಾನೆ.

ಡಬ್ಬಿಯಲ್ಲಿ ಏನಿರಬೇಕು

ಒಂದು ಚಿಕ್ಕ ತಟ್ಟೆ, ಒಂದು ಲೋಟ, ಒಂದು ಚಮಚ. ಇವನ್ನು ಊಟಕ್ಕೆ ಬಳಸದೆ ಬೇರೆಯಾಗಿಡಿ. ಅರಿಶಿನ, ಕುಂಕುಮ, ಗಂಧದ ಪುಡಿ ಅಥವಾ ಚಿಕ್ಕ ತುಂಡು ಗಂಧ, ಒಂದು ಹಿಡಿ ಅಕ್ಷತೆ, ಸ್ವಲ್ಪ ಒಣದ್ರಾಕ್ಷಿ ಅಥವಾ ಕಲ್ಲುಸಕ್ಕರೆ. ಇಷ್ಟೂ ಒಂದು ಟಿಫನ್ ಡಬ್ಬಿಯಲ್ಲಿ ಹಿಡಿಯುತ್ತದೆ.

ಇದರಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಅಕ್ಷತೆ. ಪೂಜೆಯಲ್ಲಿ ಯಾವ ಉಪಚಾರಕ್ಕೆ ವಸ್ತು ಇಲ್ಲವೋ ಅದರ ಬದಲಿಗೆ ಅಕ್ಷತೆಯನ್ನು ಅರ್ಪಿಸಬಹುದು. ವಸ್ತ್ರವಿಲ್ಲದಿದ್ದರೆ ವಸ್ತ್ರಕ್ಕಾಗಿ ಅಕ್ಷತೆ, ಆಭರಣಕ್ಕಾಗಿ ಅಕ್ಷತೆ. ಪುರೋಹಿತರು ಮನೆಗೆ ಬಂದು ಮಾಡಿಸುವ ಪೂಜೆಯಲ್ಲಿ ಹೀಗೆ ಹೇಳುವುದನ್ನು ನೀವು ಕೇಳಿರುತ್ತೀರಿ.

ಅಕ್ಷತೆ ಮಾಡಲು ಮುರಿಯದ ಅಕ್ಕಿಕಾಳು ಆರಿಸಿಕೊಳ್ಳಿ, ನುಚ್ಚು ಸಲ್ಲದು. ಒಂದು ಹಿಡಿ ಅಕ್ಕಿಗೆ ಎರಡು ಚಿಟಿಕೆ ಅರಿಶಿನ, ಎರಡು ಮೂರು ತೊಟ್ಟು ತುಪ್ಪ ಹಾಕಿ ಬೆರಳಿನಿಂದ ಕಲಸಿ. ನೀರಿನಲ್ಲಿ ಕಲಸಿದರೆ ಪೂರ್ತಿ ಒಣಗಿಸಿಯೇ ಡಬ್ಬಿಗೆ ಹಾಕಬೇಕು. ಇಲ್ಲದಿದ್ದರೆ ಬೂಸ್ಟು ಬರುತ್ತದೆ: ಕಾಳು ಒಂದಕ್ಕೊಂದು ಅಂಟಿ, ಮುಗ್ಗಲು ವಾಸನೆ ಹೊಡೆಯುತ್ತದೆ. ಅಂಥದ್ದನ್ನು ಮಣ್ಣಿಗೆ ಹಾಕಿ ಹೊಸದು ಮಾಡಿಕೊಳ್ಳಿ.

ಚೌತಿಯ ದಿನ, ಹಂತ ಹಂತವಾಗಿ

ಗಣೇಶ ಚೌತಿಯ ಬೆಳಿಗ್ಗೆ ಎಂದಿಟ್ಟುಕೊಳ್ಳೋಣ. ಸ್ನಾನ ಮಾಡಿ, ಅಂಗಳದಿಂದ ಒಂದಿಷ್ಟು ಗರಿಕೆ ತನ್ನಿ. ಸಿಕ್ಕರೆ ಒಂದು ಹೂವು, ಒಂದು ಬಾಳೆಹಣ್ಣು. ಮೇಜಿನ ಒಂದು ಮೂಲೆ ಒರೆಸಿ, ಕೆಳಗೆ ಕಾಗದ ಹಾಸಿ ತಟ್ಟೆ ಇಡಿ. ಮೇಜಿಗೆ ಅರಿಶಿನದ ಕಲೆ ಹತ್ತಿದರೆ ಸುಲಭಕ್ಕೆ ಹೋಗುವುದಿಲ್ಲ. ನೀವು ಪೂರ್ವಕ್ಕೋ ಉತ್ತರಕ್ಕೋ ಮುಖ ಮಾಡಿರಿ.

ಎರಡು ಚಮಚ ಅರಿಶಿನಕ್ಕೆ ನೀರನ್ನು ತೊಟ್ಟು ತೊಟ್ಟಾಗಿ ಸೇರಿಸಿ ಕಲಸಿ. ಚಪಾತಿ ಹಿಟ್ಟಿನ ಹದಕ್ಕೆ ಬಂದಾಗ ನಿಲ್ಲಿಸಿ, ಹೆಬ್ಬೆರಳ ಗಾತ್ರದ ಗೋಪುರ ಮಾಡಿ. ಬುಡ ಅಗಲವಾಗಿ ಕೂರದೆ ವಾಲಿದರೆ ನೀರು ಹೆಚ್ಚಾಗಿದೆ ಎಂದರ್ಥ. ಇನ್ನಷ್ಟು ಅರಿಶಿನ ಸೇರಿಸಿ. ತಟ್ಟೆಯಲ್ಲಿ ಸ್ವಲ್ಪ ಅಕ್ಕಿ ಹರಡಿ ಅದರ ಮೇಲೆ ಕೂರಿಸಿ, ಕುಂಕುಮವಿಡಿ.

ಕೈಯಲ್ಲಿ ಅಕ್ಷತೆ ಹಿಡಿದು ಸಂಕಲ್ಪ ಮಾಡಿ. ಸಂಸ್ಕೃತ ಬಾರದಿದ್ದರೆ ಕನ್ನಡದಲ್ಲೇ ಆಗಲಿ: ಈ ದಿನ, ಈ ಊರಿನಲ್ಲಿ, ಇಂಥವರ ಮಗನೋ ಮಗಳೋ ಆದ ನಾನು ಗಣಪತಿಯನ್ನು ಪೂಜಿಸುತ್ತೇನೆ. ಆಮೇಲೆ ‘ಈ ಅರಿಶಿನದಲ್ಲಿ ಬಂದು ನೆಲೆಸು’ ಎಂದು ಗಣಪನ ಮೇಲೆ ಅಕ್ಷತೆ ಹಾಕಿ. ಇದೇ ಆವಾಹನೆ.

ವಿಸ್ತಾರದ ಪೂಜೆಯಲ್ಲಿ 16 ಉಪಚಾರಗಳಿವೆ, ಅದೇ ಷೋಡಶೋಪಚಾರ. ಚಿಕ್ಕದು ಪಂಚೋಪಚಾರ: ಗಂಧ, ಪುಷ್ಪ, ಧೂಪ, ದೀಪ, ನೈವೇದ್ಯ. ಈ ಐದನ್ನು ಪಂಚಭೂತಗಳೊಂದಿಗೆ ಹೊಂದಿಸುವ ಸಂಪ್ರದಾಯವಿದೆ: ಗಂಧ ಭೂಮಿ, ಹೂವು ಆಕಾಶ, ಧೂಪ ಗಾಳಿ, ದೀಪ ಬೆಂಕಿ, ನೈವೇದ್ಯ ನೀರು. ಹಾಗಾಗಿ ಐದೇ ಉಪಚಾರ ಮಾಡಿದರೂ ಪೂಜೆ ಅರೆಬರೆಯಾಗುವುದಿಲ್ಲ.

‘ಓಂ ಗಣಪತಯೇ ನಮಃ’ ಎನ್ನುತ್ತ ಗಂಧ ಹಚ್ಚಿ, ಗರಿಕೆ ಮತ್ತು ಹೂವು ಏರಿಸಿ. ಧೂಪ, ದೀಪಗಳಲ್ಲಿ ಹಾಸ್ಟೆಲಿನ ನಿಯಮ ಮೀರಬೇಡಿ. ಹಾಸಿಗೆ, ಪರದೆ, ಕಾಗದಗಳ ನಡುವೆ ಫ್ಯಾನಿನ ಗಾಳಿಗೆ ಅಲುಗುವ ಬತ್ತಿ ಅಪಾಯ. ಊದುಬತ್ತಿಯ ಹೊಗೆ ಉಬ್ಬಸವಿರುವ ಜೊತೆಗಾರರಿಗೆ ಕಷ್ಟ. ಎರಡಕ್ಕೂ ಅಕ್ಷತೆ ಇದೆಯಲ್ಲ: ‘ಧೂಪಾರ್ಥೇ ಅಕ್ಷತಾನ್ ಸಮರ್ಪಯಾಮಿ’, ‘ದೀಪಾರ್ಥೇ ಅಕ್ಷತಾನ್ ಸಮರ್ಪಯಾಮಿ’ ಎಂದು ಒಂದೊಂದು ಬಾರಿ ಹಾಕಿದರೆ ಸಾಕು.

ನೈವೇದ್ಯಕ್ಕೆ ಬಾಳೆಹಣ್ಣನ್ನು ತುದಿ ಸುಲಿದು ಇಡಿ, ಇಲ್ಲವೇ ನಾಲ್ಕು ದ್ರಾಕ್ಷಿ. ಸುತ್ತ ಚಮಚದಿಂದ ನೀರು ಬಿಟ್ಟು, ಕೈ ತೋರಿಸಿ ಅರ್ಪಿಸಿ. ಮೆಸ್ಸಿನ ಸಿಹಿಯನ್ನೂ ಇಡಬಹುದು, ಯಾರೂ ರುಚಿ ನೋಡುವ ಮುಂಚೆ ಬೇರೆ ತೆಗೆದಿಟ್ಟಿದ್ದರೆ. ಸುತ್ತು ಬರಲು ಜಾಗವಿಲ್ಲದಿದ್ದರೆ ನಿಂತಲ್ಲೇ ಬಲಕ್ಕೆ ತಿರುಗಿ, ಅದು ಆತ್ಮಪ್ರದಕ್ಷಿಣೆ. ನಮಸ್ಕಾರ ಮಾಡಿ, ಲೋಪವಿದ್ದರೆ ಕ್ಷಮಿಸೆಂದು ಬೇಡಿಕೊಳ್ಳಿ.

ಕದಲಿಸುವುದು

ಹಾಸ್ಟೆಲಿನಲ್ಲಿ ಮರೆಯಲೇಬಾರದ ಹಂತ ಇದು. ಅಕ್ಷತೆ ಹಾಕಿ, ‘ಹೋಗಿ ಮತ್ತೆ ಬಾ’ ಎಂದು ಪ್ರಾರ್ಥಿಸಿ, ಗಣಪನನ್ನು ಉತ್ತರದ ಕಡೆಗೆ ತುಸು ಸರಿಸಿ. ಉದ್ವಾಸನೆ ಆಯಿತು. ಅರಿಶಿನವನ್ನು ಲೋಟದ ನೀರಿನಲ್ಲಿ ಕರಗಿಸಿ, ಹೂವು ಗರಿಕೆಗಳ ಜೊತೆಗೆ ಮರದ ಬುಡಕ್ಕೆ ಹಾಕಿ. ವಾಶ್ ಬೇಸಿನ್ನಿಗೆ ಸುರಿಯಬೇಡಿ. ನಾಲ್ಕು ಜನ ತುಳಿಯುವ ಜಾಗವೂ ಬೇಡ. ಪ್ರಸಾದವನ್ನು ಆಗಲೇ ಹಂಚಿ ತಿನ್ನಿ, ರಾತ್ರಿಯವರೆಗೆ ಇಟ್ಟರೆ ಇರುವೆ ಮುತ್ತುತ್ತವೆ.

ಬೇರೆ ದೇವರಿಗೂ ಕ್ರಮ ಇದೇ. ಅರಿಶಿನದ ಬದಲು ಒಂದು ಇಡೀ ಅಡಿಕೆಯಲ್ಲಿ ಆವಾಹನೆ ಮಾಡಬಹುದು. ವ್ರತಗಳಲ್ಲಿ ಇದು ವಾಡಿಕೆ. ಹೂವು ಎಲೆ ಮಾತ್ರ ದೇವರಿಗೆ ತಕ್ಕಂತೆ: ಶಿವನಿಗೆ ಬಿಲ್ವ, ವಿಷ್ಣುವಿಗೆ ತುಳಸಿ.

ಮನೆಯಿಂದ ಸಾಲಿಗ್ರಾಮವನ್ನೋ ನಿತ್ಯಪೂಜೆಯ ವಿಗ್ರಹವನ್ನೋ ಹಾಸ್ಟೆಲಿಗೆ ತರಬೇಡಿ. ಅವಕ್ಕೆ ಉದ್ವಾಸನೆ ಇಲ್ಲ, ದಿನವೂ ಅಭಿಷೇಕ ನೈವೇದ್ಯ ಆಗಬೇಕು. ಪರೀಕ್ಷೆಯ ವಾರದಲ್ಲೋ, ದಿಢೀರನೆ ಊರಿಗೆ ಹೊರಟಾಗಲೋ ಅದು ತಪ್ಪಿಹೋಗುತ್ತದೆ. ತಟ್ಟೆ ಇಡಲೂ ಬಿಡುವಿಲ್ಲದ ದಿನ ಕಣ್ಣು ಮುಚ್ಚಿ ಇದೇ ಐದು ಉಪಚಾರಗಳನ್ನು ಇದೇ ಕ್ರಮದಲ್ಲಿ ಮನಸ್ಸಿನಲ್ಲಿ ಅರ್ಪಿಸಿ. ಇದು ಮಾನಸಪೂಜೆ, ಶಂಕರಾಚಾರ್ಯರ ಹೆಸರಿನಲ್ಲಿರುವ ಶಿವಮಾನಸಪೂಜಾ ಸ್ತೋತ್ರ ಪೂರ್ತಿಯಾಗಿ ಇಂಥ ಪೂಜೆಯದೇ. ತಟ್ಟೆಯ ಪೂಜೆ ನಾಲ್ಕಾರು ಬಾರಿ ಮಾಡಿ ಕೈಗೆ ಕ್ರಮ ಕೂತವರಿಗೆ ಮಾನಸಪೂಜೆ ಸಲೀಸಾಗಿ ಬರುತ್ತದೆ. ಆದ್ದರಿಂದ ಮೊದಲು ತಟ್ಟೆಯಿಂದಲೇ ಕಲಿಯಿರಿ.