ಟಿಡಿಎಸ್ ಪ್ರಮಾಣಪತ್ರ ಮತ್ತು ಬಾಕಿ ಹಣ: ಹಣಕಾಸು ವಿಭಾಗಕ್ಕೆ ಫ್ರೀಲಾನ್ಸರ್ ಬರೆಯುವ ಪತ್ರ

ಕಂಪನಿಯೊಂದಕ್ಕೆ ಕೆಲಸ ಮಾಡಿಕೊಟ್ಟ ಫ್ರೀಲಾನ್ಸರ್‌ಗೆ ಬಿಲ್ಲಿನ ಮೊತ್ತ ಇಡಿಯಾಗಿ ಕೈಸೇರುವುದಿಲ್ಲ. ಕಂಪನಿ ಅದರಲ್ಲಿ ಒಂದು ಪಾಲನ್ನು ಹಿಡಿದುಕೊಂಡು, ಫ್ರೀಲಾನ್ಸರ್‌ನ ಹೆಸರಿನಲ್ಲಿ ಸರ್ಕಾರಕ್ಕೆ ಕಟ್ಟುತ್ತದೆ. ಇದೇ ಮೂಲದಲ್ಲಿ ತೆರಿಗೆ ಕಡಿತ, ಅಂದರೆ ಟಿಡಿಎಸ್. ಹೀಗೆ ಹಿಡಿದದ್ದಕ್ಕೂ ಕಟ್ಟಿದ್ದಕ್ಕೂ ಕಂಪನಿ ಕೊಡುವ ದಾಖಲೆ ಫಾರ್ಮ್ 16ಎ. ವರ್ಷದ ಕೊನೆಗೆ ತೆರಿಗೆಯ ಲೆಕ್ಕ ಒಪ್ಪಿಸುವಾಗ ಆ ಮೊತ್ತವನ್ನು ಫ್ರೀಲಾನ್ಸರ್ ತನ್ನ ತೆರಿಗೆಯಲ್ಲಿ ಕಳೆಯಬಹುದು. ಕಟ್ಟಬೇಕಾದದ್ದಕ್ಕಿಂತ ಹೆಚ್ಚು ಕಡಿತವಾಗಿದ್ದರೆ ರಿಫಂಡ್ ಪಡೆಯಬಹುದು.

ಬಿಲ್ಲಿನ ಹಣವೂ ಬಾರದೆ, ಹಿಂದಿನ ಬಿಲ್ಲಿನ ಪ್ರಮಾಣಪತ್ರವೂ ಬಾರದೆ ಇದ್ದಾಗ ಎರಡನ್ನೂ ಕೇಳಿ ಪತ್ರ ಬರೆಯಬೇಕಾಗುತ್ತದೆ. ಇವೆರಡೂ ಒಂದೇ ವಿಭಾಗದಿಂದ ಬರಬೇಕಾದರೂ ಸಾಮಾನ್ಯವಾಗಿ ಬೇರೆ ಬೇರೆ ಮೇಜುಗಳ ಕೆಲಸ. ಬಿಲ್ ಪಾಸು ಮಾಡಿ ಹಣ ಕಳಿಸುವವರು ಒಬ್ಬರು. ತೆರಿಗೆ ಕಟ್ಟಿ, ಮೂರು ತಿಂಗಳಿಗೊಮ್ಮೆ ಟಿಡಿಎಸ್ ರಿಟರ್ನ್ ಸಲ್ಲಿಸುವವರು ಇನ್ನೊಬ್ಬರು. ‘ನನ್ನ ಬಾಕಿ ಇತ್ಯರ್ಥ ಮಾಡಿ’ ಎಂದಷ್ಟೇ ಬರೆದ ಪತ್ರ ಇವರಿಬ್ಬರ ನಡುವೆ ಸುತ್ತುತ್ತಿರುತ್ತದೆ. ಎರಡು ಬೇಡಿಕೆಗಳನ್ನು ಬಿಡಿಸಿ, ಪ್ರತಿಯೊಂದಕ್ಕೂ ಬಿಲ್ ಸಂಖ್ಯೆ, ದಿನಾಂಕ, ಮೊತ್ತ ಬರೆದರೆ ಅವರವರ ಪಾಲಿನ ಕೆಲಸ ಅವರವರಿಗೆ ಗೊತ್ತಾಗುತ್ತದೆ.

ಒಂದು ಕಲ್ಪಿತ ಉದಾಹರಣೆಯನ್ನು ನೋಡಬಹುದು. ಹುಬ್ಬಳ್ಳಿಯಲ್ಲಿ ಜಾಹೀರಾತು ವಿನ್ಯಾಸ ಮಾಡುವವರೊಬ್ಬರು ಬೆಂಗಳೂರಿನ ಕಂಪನಿಯೊಂದಕ್ಕೆ 2025–26ರಲ್ಲಿ ಎರಡು ಬಿಲ್ ಕೊಟ್ಟಿದ್ದಾರೆ. ಮೊದಲನೆಯದು 2025ರ ಅಕ್ಟೋಬರ್ 10ರ ಬಿಲ್, 60,000 ರೂಪಾಯಿ. ಇದಕ್ಕೆ ನವೆಂಬರ್ 14ರಂದು 54,000 ರೂಪಾಯಿ ಬ್ಯಾಂಕಿಗೆ ಜಮೆಯಾಗಿದೆ. ಎರಡನೆಯದು 2026ರ ಜನವರಿ 5ರ ಬಿಲ್, 40,000 ರೂಪಾಯಿ. 30 ದಿನಗಳಲ್ಲಿ ಹಣ ಕೊಡಬೇಕೆಂದು ಕೆಲಸದ ಆದೇಶದಲ್ಲಿ ಬರೆದಿದೆ. ಮಾರ್ಚ್ ಬಂದರೂ ಹಣ ಬಂದಿಲ್ಲ. ವಿನ್ಯಾಸಕರ ವಾರ್ಷಿಕ ವಹಿವಾಟು 20 ಲಕ್ಷ ರೂಪಾಯಿಯ ಮಿತಿಗಿಂತ ಕಡಿಮೆ ಇರುವುದರಿಂದ ಜಿಎಸ್‌ಟಿ ನೋಂದಣಿ ಇಲ್ಲ. ಇದ್ದಿದ್ದರೆ, ಬಿಲ್ಲಿನಲ್ಲಿ ಜಿಎಸ್‌ಟಿಯನ್ನು ಪ್ರತ್ಯೇಕವಾಗಿ ತೋರಿಸಬೇಕಿತ್ತು. ಆಗ ಟಿಡಿಎಸ್ ಶುಲ್ಕದ ಮೇಲೆ ಮಾತ್ರ ಲೆಕ್ಕವಾಗುತ್ತದೆ, ಜಿಎಸ್‌ಟಿಯ ಮೇಲಲ್ಲ.

ಜಾಹೀರಾತು ವೃತ್ತಿಗೆ 1961ರ ಆದಾಯ ತೆರಿಗೆ ಕಾಯ್ದೆಯ ಸೆಕ್ಷನ್ 194ಜೆ ಅನ್ವಯಿಸುತ್ತದೆ. 2025ರ ಏಪ್ರಿಲ್‌ನಿಂದ, ಒಬ್ಬರಿಗೆ ವರ್ಷದಲ್ಲಿ ಕೊಡುವ ವೃತ್ತಿ ಶುಲ್ಕ 50,000 ರೂಪಾಯಿ ಮೀರಿದರೆ ಶೇ 10ರಷ್ಟು ಹಿಡಿಯಬೇಕು. ಮೊದಲ ಬಿಲ್ಲಿನಲ್ಲಿ 6,000 ರೂಪಾಯಿ ಕಡಿತವಾಗಿರುವುದು ಹೀಗೆ. ಎಲ್ಲ ಕೆಲಸವೂ ಇದೇ ಸೆಕ್ಷನ್‌ಗೆ ಬರುವುದಿಲ್ಲ. ಗುತ್ತಿಗೆ ಕೆಲಸವೆಂದು ಪರಿಗಣಿಸಿದರೆ ವ್ಯಕ್ತಿಗಳಿಗೆ ಕಡಿತ ಶೇ 1 ಮಾತ್ರ. ಪ್ಯಾನ್ ಕೊಡದಿದ್ದರೆ ಮಾತ್ರ ಅದು ಶೇ 20ಕ್ಕೆ ಏರುತ್ತದೆ.

ಪತ್ರದಲ್ಲಿ ಸಾಮಾನ್ಯವಾಗಿ ಎಡವುವುದು ಬಾಕಿಯ ಲೆಕ್ಕದಲ್ಲಿ. ಒಟ್ಟು ಬಿಲ್ 1,00,000 ರೂಪಾಯಿ, ಬಂದದ್ದು 54,000. ಆದ್ದರಿಂದ ಬಾಕಿ 46,000 ಎಂದು ಬರೆದುಬಿಡುತ್ತಾರೆ. ಕಂಪನಿಯ ಪುಸ್ತಕದಲ್ಲಿ ಆ ಸಂಖ್ಯೆ ಎಲ್ಲೂ ಇರುವುದಿಲ್ಲವಾದ್ದರಿಂದ ‘ಲೆಕ್ಕ ತಾಳೆಯಾಗುತ್ತಿಲ್ಲ’ ಎಂಬ ಉತ್ತರ ಬರುತ್ತದೆ, ಇನ್ನೊಂದಿಷ್ಟು ದಿನ ಕಳೆಯುತ್ತದೆ. ಎರಡನೇ ಬಿಲ್ಲಿನಲ್ಲೂ 4,000 ರೂಪಾಯಿ ಕಡಿತವಾಗಲಿದೆ. ಹಾಗಾಗಿ ಕೈಗೆ ಬರಬೇಕಾದದ್ದು 36,000 ರೂಪಾಯಿ. ಉಳಿದ 10,000 ತೆರಿಗೆ. ಅದನ್ನು ಹಣವಾಗಿ ಕೇಳುವಂತಿಲ್ಲ, ದಾಖಲೆಯಾಗಿ ಕೇಳಬೇಕು.

ಆ ದಾಖಲೆಯನ್ನು ಯಾವಾಗ ಕೇಳಬಹುದು ಎಂಬುದಕ್ಕೂ ದಿನ ಗೊತ್ತುಪಡಿಸಲಾಗಿದೆ. ಹಿಡಿದ ತೆರಿಗೆಯನ್ನು ಕಂಪನಿ ಮುಂದಿನ ತಿಂಗಳ 7ರೊಳಗೆ ಕಟ್ಟಬೇಕು. ಮಾರ್ಚ್ ತಿಂಗಳದ್ದಕ್ಕೆ ಮಾತ್ರ ಏಪ್ರಿಲ್ 30ರವರೆಗೆ ಅವಕಾಶ. ತ್ರೈಮಾಸಿಕ ರಿಟರ್ನ್ ಸಲ್ಲಿಸಲು ಜುಲೈ 31, ಅಕ್ಟೋಬರ್ 31, ಜನವರಿ 31 ಮತ್ತು ಮೇ 31 ಕೊನೆಯ ದಿನಗಳು. ಆ ಕೊನೆಯ ದಿನದಿಂದ 15 ದಿನಗಳೊಳಗೆ ಫಾರ್ಮ್ 16ಎ ಕೊಡಬೇಕು. ನಮ್ಮ ಉದಾಹರಣೆಯ ಮೊದಲ ಬಿಲ್ ಅಕ್ಟೋಬರ್–ಡಿಸೆಂಬರ್ ತ್ರೈಮಾಸಿಕಕ್ಕೆ ಸೇರಿದ್ದು. ಅದರ ಪ್ರಮಾಣಪತ್ರ 2026ರ ಫೆಬ್ರವರಿ 15ರೊಳಗೆ ಬರಬೇಕಿತ್ತು. ಎರಡನೇ ಬಿಲ್ಲಿನ ಪ್ರಮಾಣಪತ್ರಕ್ಕೆ ಜೂನ್ 15ರವರೆಗೆ ಸಮಯವಿದೆ. ಮಾರ್ಚ್‌ನಲ್ಲಿ ಬರೆಯುವ ಪತ್ರದಲ್ಲಿ ಅದನ್ನೂ ಕೇಳಿದರೆ ‘ಇನ್ನೂ ಸಮಯವಿದೆ’ ಎಂಬ ಸರಿಯಾದ ಉತ್ತರವೇ ಬರುತ್ತದೆ. ಆ ಉತ್ತರದ ಮರೆಯಲ್ಲಿ ನ್ಯಾಯವಾದ ಬೇಡಿಕೆಯೂ ಮುಂದಕ್ಕೆ ಹೋಗುತ್ತದೆ.

ಬರೆಯುವ ಮುನ್ನ ಫಾರ್ಮ್ 26ಎಎಸ್ ನೋಡುವುದು ಅಗತ್ಯ. ಆದಾಯ ತೆರಿಗೆ ಇಲಾಖೆಯ ಪೋರ್ಟಲ್‌ಗೆ ಲಾಗಿನ್ ಆಗಿ e-File, Income Tax Returns, View Form 26AS ಎಂಬ ಕ್ರಮದಲ್ಲಿ ಹೋದರೆ ಟ್ರೇಸಸ್ ತಾಣದಲ್ಲಿ ಅದು ತೆರೆದುಕೊಳ್ಳುತ್ತದೆ. ತೆರಿಗೆ ಹಿಡಿದ ಪ್ರತಿಯೊಂದು ಸಂಸ್ಥೆಯ ಹೆಸರು, ಅದರ ಟ್ಯಾನ್ ಸಂಖ್ಯೆ, ಪಾವತಿಯ ಮೊತ್ತ, ಹಿಡಿದ ಮತ್ತು ಕಟ್ಟಿದ ತೆರಿಗೆ ಅಲ್ಲಿರುತ್ತವೆ. ಸಾಲಿನ ಎದುರು F ಎಂದಿದ್ದರೆ ತೆರಿಗೆ ಜಮೆ ತಾಳೆಯಾಗಿದೆ ಎಂದರ್ಥ. U ಎಂದಿದ್ದರೆ ರಿಟರ್ನ್‌ನಲ್ಲಿ ಬರೆದ ಚಲನ್ ವಿವರ ಬ್ಯಾಂಕಿನ ದಾಖಲೆಯೊಂದಿಗೆ ಹೊಂದಿಲ್ಲ.

ಮೊದಲ ಬಿಲ್ಲಿನ 6,000 ರೂಪಾಯಿ ಅಲ್ಲಿ F ಗುರುತಿನೊಂದಿಗೆ ಕಂಡರೆ ಆತಂಕವಿಲ್ಲ. ಪ್ರಮಾಣಪತ್ರವನ್ನು ಕಂಪನಿ ಟ್ರೇಸಸ್‌ನಿಂದ ಇಳಿಸಿಕೊಂಡು ಕಳಿಸಿದರಾಯಿತು. ಏನೂ ಕಾಣದಿದ್ದರೆ ಕಾರಣ ಬೇರೆಯೇ ಇದೆ: ಹಿಡಿದ ತೆರಿಗೆಯನ್ನು ಕಟ್ಟಿಲ್ಲ, ಕಟ್ಟಿಯೂ ರಿಟರ್ನ್ ಸಲ್ಲಿಸಿಲ್ಲ, ಇಲ್ಲವೇ ರಿಟರ್ನ್‌ನಲ್ಲಿ ಪ್ಯಾನ್ ತಪ್ಪಾಗಿ ನಮೂದಾಗಿದೆ. ರಿಟರ್ನ್ ಸಲ್ಲಿಸದೆ ಟ್ರೇಸಸ್‌ನಲ್ಲಿ ಫಾರ್ಮ್ 16ಎ ಹುಟ್ಟುವುದೇ ಇಲ್ಲ. ಪ್ಯಾನ್ ತಪ್ಪಿದ್ದರೆ ಕಂಪನಿ ತಿದ್ದುಪಡಿ ರಿಟರ್ನ್ ಸಲ್ಲಿಸಬೇಕು. ಆದ್ದರಿಂದ ಪತ್ರದಲ್ಲಿ ಪ್ರಮಾಣಪತ್ರದ ಜೊತೆಗೆ ಚಲನ್ ವಿವರವನ್ನೂ ಕೇಳಬೇಕು.

26ಎಎಸ್ ಇನ್ನೊಂದು ಸಂಗತಿಯನ್ನೂ ಹೇಳಬಲ್ಲದು. ಟಿಡಿಎಸ್ ಹಿಡಿಯಬೇಕಾದದ್ದು ಹಣ ಕೊಡುವಾಗ ಅಥವಾ ಲೆಕ್ಕದ ಪುಸ್ತಕದಲ್ಲಿ ಬಿಲ್ ಜಮೆ ಮಾಡುವಾಗ, ಯಾವುದು ಮೊದಲೋ ಆಗ. ಹೀಗಾಗಿ ಹಣ ಕೊಡದ ಬಿಲ್ಲಿಗೂ ತೆರಿಗೆ ಕಟ್ಟಿರುವುದುಂಟು. ರಿಟರ್ನ್ ಸಲ್ಲಿಕೆಯಾದ ಮೇಲೆ, ಬಾಕಿ ಇರುವ 40,000 ರೂಪಾಯಿಯ ಬಿಲ್ ಅಲ್ಲಿ ಕಾಣಿಸಿಕೊಂಡರೆ, ಕಂಪನಿ ಅದನ್ನು ತನ್ನ ಲೆಕ್ಕಕ್ಕೆ ತೆಗೆದುಕೊಂಡಿದೆ ಎಂಬುದಕ್ಕೆ ಅದೊಂದು ಬಲವಾದ ಆಧಾರ. ಆಮೇಲೆ ‘ಬಿಲ್ ತಲುಪಿಲ್ಲ’ ಎನ್ನುವುದು ಕಷ್ಟ.

ಇಷ್ಟು ನೋಡಿಕೊಂಡ ಮೇಲೆ ಪತ್ರ ಚಿಕ್ಕದಾಗುತ್ತದೆ. ಉದಾಹರಣೆಯ ವಿನ್ಯಾಸಕರ ಪತ್ರ ಹೀಗಿರಬಹುದು:

> ದಿನಾಂಕ: 2 ಮಾರ್ಚ್ 2026
>
> ಇವರಿಗೆ: ವ್ಯವಸ್ಥಾಪಕರು, ಹಣಕಾಸು ವಿಭಾಗ
>
> ವಿಷಯ: ಜನವರಿ 5ರ ಬಿಲ್ಲಿನ ಬಾಕಿ 36,000 ರೂಪಾಯಿ, ಅಕ್ಟೋಬರ್–ಡಿಸೆಂಬರ್ 2025ರ ಫಾರ್ಮ್ 16ಎ
>
> ಮಾನ್ಯರೇ,
>
> 1. ಬಾಕಿ ಹಣ: 5 ಜನವರಿ 2026ರ ಬಿಲ್ ಸಂಖ್ಯೆ 2, ಮೊತ್ತ 40,000 ರೂಪಾಯಿ. ಕೆಲಸದ ಆದೇಶದ ಪ್ರಕಾರ ಫೆಬ್ರವರಿ 4ರೊಳಗೆ ಪಾವತಿಯಾಗಬೇಕಿತ್ತು. ಶೇ 10 ಟಿಡಿಎಸ್ ಕಳೆದು 36,000 ರೂಪಾಯಿಯನ್ನು ಮಾರ್ಚ್ 12ರೊಳಗೆ ಜಮೆ ಮಾಡಬೇಕಾಗಿ ಕೋರುತ್ತೇನೆ. ಬಿಲ್ಲಿನಲ್ಲಿ ಆಕ್ಷೇಪಣೆಯಿದ್ದರೆ ದಯವಿಟ್ಟು ಬರಹದಲ್ಲಿ ತಿಳಿಸಿ.
>
> 2. ಟಿಡಿಎಸ್ ಪ್ರಮಾಣಪತ್ರ: 10 ಅಕ್ಟೋಬರ್ 2025ರ ಬಿಲ್ ಸಂಖ್ಯೆ 1ರಲ್ಲಿ (60,000 ರೂಪಾಯಿ) ಹಿಡಿದ 6,000 ರೂಪಾಯಿ ನನ್ನ 26ಎಎಸ್‌ನಲ್ಲಿ ಇಂದಿನವರೆಗೆ ಕಂಡಿಲ್ಲ. ಫಾರ್ಮ್ 16ಎ ಹಾಗೂ ಚಲನ್ ವಿವರ ಕಳಿಸಿಕೊಡಿ. ರಿಟರ್ನ್ ತಿದ್ದಬೇಕಿದ್ದರೆ, ಯಾವ ದಿನದೊಳಗೆ ತಿದ್ದುವಿರಿ ಎಂದು ತಿಳಿಸಿ.
>
> ಲಗತ್ತು: ಎರಡೂ ಬಿಲ್, ಕೆಲಸದ ಆದೇಶ, ನವೆಂಬರ್ 14ರ ಜಮೆ ತೋರಿಸುವ ಬ್ಯಾಂಕ್ ಪುಟ, ಪ್ಯಾನ್ ಪ್ರತಿ, ಉದ್ಯಮ್ ನೋಂದಣಿ ಪ್ರಮಾಣಪತ್ರ.

ಕೊನೆಯ ಲಗತ್ತಿಗೆ ವಿಶೇಷ ತೂಕವಿದೆ. ಸೇವೆ ಒದಗಿಸುವ ವ್ಯಕ್ತಿಯೂ ಸೂಕ್ಷ್ಮ ಉದ್ಯಮವಾಗಿ ಉದ್ಯಮ್ ಪೋರ್ಟಲ್‌ನಲ್ಲಿ ಶುಲ್ಕವಿಲ್ಲದೆ ನೋಂದಾಯಿಸಿಕೊಳ್ಳಬಹುದು; ಕೆಲಸ ಒಪ್ಪಿಕೊಳ್ಳುವ ಮೊದಲೇ ಇದನ್ನು ಮಾಡಿಕೊಂಡಿರಬೇಕು. ನೋಂದಣಿಯಿದ್ದರೆ 2006ರ ಎಂಎಸ್‌ಎಂಇಡಿ ಕಾಯ್ದೆಯ ರಕ್ಷಣೆ ಸಿಗುತ್ತದೆ. ಲಿಖಿತ ಒಪ್ಪಂದವಿದ್ದರೆ ಅದರಲ್ಲಿನ ಗಡುವಿನೊಳಗೆ, ಅದೂ 45 ದಿನ ಮೀರದಂತೆ, ಒಪ್ಪಂದವಿಲ್ಲದಿದ್ದರೆ 15 ದಿನಗಳಲ್ಲಿ ಹಣ ಕೊಡಬೇಕೆಂದು ಆ ಕಾಯ್ದೆ ಹೇಳುತ್ತದೆ. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿಯನ್ನು ತಿಂಗಳ ಚಕ್ರಬಡ್ಡಿಯಾಗಿ ಕೊಡಬೇಕು.

ಹಣಕಾಸು ವಿಭಾಗವನ್ನು ಬಡ್ಡಿಗಿಂತ ಬೇಗ ತಟ್ಟುವುದು ಆದಾಯ ತೆರಿಗೆ ಕಾಯ್ದೆಯ ಸೆಕ್ಷನ್ 43ಬಿ(ಎಚ್). 2023–24ರಿಂದ ಅನ್ವಯವಾದ ಈ ನಿಯಮದ ಪ್ರಕಾರ, ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳಿಗೆ ಗಡುವು ಮೀರಿದ ಬಾಕಿ ಮಾರ್ಚ್ 31ರಂದು ಉಳಿದಿದ್ದರೆ, ಆ ಖರ್ಚನ್ನು ಕಂಪನಿ ಆ ವರ್ಷದ ಲಾಭದಲ್ಲಿ ಕಳೆಯುವಂತಿಲ್ಲ. ಹಣ ಕೊಟ್ಟ ವರ್ಷದಲ್ಲಿ ಮಾತ್ರ ಕಳೆಯಬಹುದು. ವರ್ಷದ ಲೆಕ್ಕ ಮುಗಿಸುವ ಹೊತ್ತಿಗೆ ಇಂಥ ಬಾಕಿಗಳ ಪಟ್ಟಿ ಮಾಡಿಕೊಳ್ಳಬೇಕಾಗುವುದರಿಂದ, ಮಾರ್ಚ್ ಮೊದಲ ವಾರದಲ್ಲಿ ಬಂದ ಪತ್ರಕ್ಕೆ ಏಪ್ರಿಲ್‌ನಲ್ಲಿ ಬಂದ ಪತ್ರಕ್ಕಿಂತ ಬೇಗ ಬೆಲೆ ಬರುತ್ತದೆ.

ಇಷ್ಟಾದರೂ ಉತ್ತರ ಬಾರದಿದ್ದರೆ ಎರಡು ಬೇಡಿಕೆಗಳೂ ಬೇರೆ ಬೇರೆ ದಾರಿ ಹಿಡಿಯುತ್ತವೆ. ಬಾಕಿ ಹಣಕ್ಕಾಗಿ ರಾಜ್ಯದ ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳ ಸೌಲಭ್ಯ ಮಂಡಳಿಗೆ ಅರ್ಜಿ ಹಾಕಬಹುದು. ಮಂಡಳಿ ಮೊದಲು ರಾಜಿಗೆ ಯತ್ನಿಸುತ್ತದೆ, ಆಗದಿದ್ದರೆ ಪ್ರಕರಣ ಪಂಚಾಯ್ತಿ ತೀರ್ಮಾನಕ್ಕೆ ಹೋಗುತ್ತದೆ. ಪ್ರಮಾಣಪತ್ರ ಕೊಡದ ಕಂಪನಿಗೆ ದಿನಕ್ಕೆ 500 ರೂಪಾಯಿಯಂತೆ, ತೆರಿಗೆಯ ಮೊತ್ತ ಮೀರದಷ್ಟು ದಂಡ ವಿಧಿಸಲು ಇಲಾಖೆಗೆ ಅಧಿಕಾರವಿದೆ. ಕಂಪನಿ ತೆರಿಗೆ ಹಿಡಿದು ಕಟ್ಟದೇ ಹೋದರೆ ಅದೇ ತೆರಿಗೆಯನ್ನು ಫ್ರೀಲಾನ್ಸರ್‌ನಿಂದ ಮತ್ತೆ ಕೇಳುವಂತಿಲ್ಲ ಎಂದು ಸೆಕ್ಷನ್ 205 ಹೇಳುತ್ತದೆ. ಆದರೆ ರಿಟರ್ನ್ ಪರಿಶೀಲಿಸುವ ಗಣಕ ವ್ಯವಸ್ಥೆ 26ಎಎಸ್‌ನಲ್ಲಿ ಇಲ್ಲದ ಮೊತ್ತವನ್ನು ಸಾಮಾನ್ಯವಾಗಿ ಒಪ್ಪುವುದಿಲ್ಲ. ತೆರಿಗೆ ಬೇಡಿಕೆಯ ನೋಟಿಸ್ ಕಳಿಸುತ್ತದೆ. ಆಗ 60,000 ರೂಪಾಯಿಯ ಬಿಲ್ಲನ್ನೂ 54,000 ರೂಪಾಯಿಯ ಜಮೆಯನ್ನೂ ಮುಂದಿಟ್ಟು, ನಡುವಿನ 6,000 ರೂಪಾಯಿ ಕಡಿತವಾದದ್ದನ್ನು ಫ್ರೀಲಾನ್ಸರ್‌ನೇ ತೋರಿಸಬೇಕಾಗುತ್ತದೆ. ಕಂಪನಿ ಕಳಿಸುವ ಪಾವತಿ ವಿವರದ ಇಮೇಲನ್ನು ಅಳಿಸದೆ ಇಟ್ಟುಕೊಳ್ಳಬೇಕಾದದ್ದು ಇದಕ್ಕೇ.

2026ರ ಏಪ್ರಿಲ್ 1ರಿಂದ 2025ರ ಹೊಸ ಆದಾಯ ತೆರಿಗೆ ಕಾಯ್ದೆ ಜಾರಿಗೆ ಬಂದು, ಸಂಬಳದ್ದನ್ನು ಬಿಟ್ಟು ಉಳಿದ ಟಿಡಿಎಸ್ ನಿಯಮಗಳು ಸೆಕ್ಷನ್ 393ರಡಿ ಒಟ್ಟುಗೂಡಿವೆ. ಹೊಸ ವರ್ಷದ ಬಿಲ್ಲುಗಳ ಬಗ್ಗೆ ಬರೆಯುವಾಗ ಸೆಕ್ಷನ್ ಮತ್ತು ಫಾರ್ಮ್‌ಗಳ ಹೊಸ ಸಂಖ್ಯೆ ನೋಡಿಕೊಳ್ಳಬೇಕು. 2025–26ರ ಕಡಿತಕ್ಕೆ ಮಾತ್ರ ಹಳೆಯ ಕಾಯ್ದೆಯ ಹೆಸರಿನಲ್ಲೇ ಪ್ರಮಾಣಪತ್ರ ಕೇಳಬೇಕು.